ಒಳಗೆ ಎಳೆದ ಗಾಳಿಯೆಲ್ಲ ಲೆಕ್ಕಕ್ಕೆ ಬರುವುದಿಲ್ಲ: ಉಸಿರಾಟದ ‘ಡೆಡ್ ಸ್ಪೇಸ್’ ಎಂದರೇನು?

ಉಸಿರು ಸಾಲದು ಅನ್ನಿಸಿದರೆ ಬೇಗ ಬೇಗ ಉಸಿರಾಡಿ, ನಿಮಿಷಕ್ಕೆ ಎಷ್ಟು ಹೆಚ್ಚು ಸಲ ಉಸಿರಾಡುತ್ತೀರೋ ಅಷ್ಟು ಹೆಚ್ಚು ಆಮ್ಲಜನಕ ಸಿಗುತ್ತದೆ ಎನ್ನುವ ಧಾಟಿಯ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತವೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 95ಕ್ಕಿಂತ ಮೇಲೆ ತೋರಿಸಿದರೆ ಶ್ವಾಸಕೋಶದ ಬಗ್ಗೆ ಚಿಂತೆಯೇ ಬೇಡ ಎನ್ನುವುದು ಇನ್ನೊಂದು ಬಗೆಯದು. ಎರಡನ್ನೂ ಕೇಳಿದರೆ ಸರಿ ಇರಬೇಕು ಅನ್ನಿಸುತ್ತದೆ. ಆದರೆ ಎರಡೂ ಒಂದೇ ಸಂಗತಿಯನ್ನು ಮರೆತಿವೆ. ಮೂಗಿನೊಳಗೆ ಹೋದ ಗಾಳಿ ಬೇರೆ, ರಕ್ತಕ್ಕೆ ಉಪಯೋಗವಾದ ಗಾಳಿ ಬೇರೆ. ಈ ಎರಡರ ನಡುವಿನ ವ್ಯತ್ಯಾಸಕ್ಕೆ ವೈದ್ಯರು ‘ಡೆಡ್ ಸ್ಪೇಸ್’ ಎನ್ನುತ್ತಾರೆ. ಗಾಳಿ ಬಂದು ಹೋಗುತ್ತದೆ, ಆದರೆ ಕೊಡುಕೊಳ್ಳುವಿಕೆ ನಡೆಯುವುದಿಲ್ಲ, ಅಂಥ ಜಾಗ ಎಂದು ಅರ್ಥ. ಇದರಲ್ಲಿ ಎರಡು ಬಗೆ ಇದೆ. ಒಂದು ಎಲ್ಲರಲ್ಲೂ ಇರುವಂಥದ್ದು. ಇನ್ನೊಂದು ಹೆಚ್ಚಾದರೆ ಜೀವಕ್ಕೆ ಅಪಾಯ.

ಬೇಸಿಗೆ ಮಧ್ಯಾಹ್ನದ ನಲ್ಲಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಹಿತ್ತಲಿನ ನಲ್ಲಿ ತಿರುಗಿಸಿದ ಅನುಭವ ನೆನಪಿಸಿಕೊಳ್ಳಿ. ಮೊದಲು ಬರುವುದು ಕೈ ಸುಡುವಂಥ ನೀರು. ಅದು ಬಿಸಿಲಿಗೆ ಕಾದ ಪೈಪಿನಲ್ಲಿ ನಿಂತಿದ್ದ ನೀರು. ಅದೆಲ್ಲ ಹರಿದುಹೋದ ಮೇಲೆಯೇ ನೆಲದೊಳಗಿನ ಸಂಪಿನ ತಣ್ಣನೆಯ ನೀರು ಬರುತ್ತದೆ. ಒಂದು ಚೊಂಬು ಹಿಡಿದು ನಲ್ಲಿ ನಿಲ್ಲಿಸಿಬಿಟ್ಟರೆ ಚೊಂಬಿನ ತುಂಬ ಬಿಸಿ ನೀರೇ. ಪೈಪು ಮತ್ತೆ ಕಾಯಲು ಬಿಟ್ಟು, ಹೀಗೆ ಹತ್ತು ಸಲ ಒಂದೊಂದೇ ಚೊಂಬು ಹಿಡಿದರೂ ತಣ್ಣೀರು ಸಿಗುವುದಿಲ್ಲ. ಒಂದೇ ಸಲ ಒಂದು ಬಕೆಟ್ ಹಿಡಿದರೆ ಮಾತ್ರ ಸಿಗುತ್ತದೆ.

ನಮ್ಮ ಉಸಿರಿನ ದಾರಿಯೂ ಒಂದು ಪೈಪೇ. ಮೂಗು, ಗಂಟಲು, ಶ್ವಾಸನಾಳ, ಅದು ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗುವ ಕವಲುಗಳು. ಹೀಗೆ ಸುಮಾರು ಹದಿನಾರು ಸಲ ಕವಲೊಡೆಯುವವರೆಗೂ ಈ ಕೊಳವೆಗಳ ಗೋಡೆಯ ಮೂಲಕ ರಕ್ತಕ್ಕೆ ಆಮ್ಲಜನಕ ದಾಟುವುದಿಲ್ಲ. ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ಹಿಡಿದು ಒಳಗೆ ಸಾಗಿಸುವುದಷ್ಟೇ ಅವುಗಳ ಕೆಲಸ. ನಿಜವಾದ ವಿನಿಮಯ ನಡೆಯುವುದು ಅದರಾಚೆಗಿರುವ ಗಾಳಿಚೀಲಗಳಲ್ಲಿ. ಅವು ಕೋಟಿಗಟ್ಟಲೆ ಇವೆ. ಪ್ರತಿಯೊಂದರ ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ ಇದೆ. ಆಮ್ಲಜನಕ ರಕ್ತಕ್ಕೆ ಇಳಿಯುವುದೂ, ಇಂಗಾಲದ ಡೈಆಕ್ಸೈಡ್ ರಕ್ತದಿಂದ ಹೊರಬರುವುದೂ ಅಲ್ಲೇ.

ಈ ಕೊಳವೆಗಳಲ್ಲಿ ಹಿಡಿಯುವ ಗಾಳಿಗೆ ಅನಾಟಮಿಕಲ್ ಡೆಡ್ ಸ್ಪೇಸ್ ಎಂದು ಹೆಸರು. ದೇಹದ ರಚನೆಯಿಂದಲೇ ಬಂದ ವ್ಯರ್ಥ ಜಾಗ ಎಂದುಕೊಳ್ಳಬಹುದು. ಒಬ್ಬರ ತೂಕದ ಪ್ರತಿ ಕಿಲೋಗೆ ಸುಮಾರು 2.2 ಮಿಲಿಲೀಟರ್ ಎಂದು ವೈದ್ಯರು ಅಂದಾಜು ಹಾಕುತ್ತಾರೆ. ಇಲ್ಲಿ ತೂಕ ಎಂದರೆ ಎತ್ತರಕ್ಕೆ ತಕ್ಕಂತೆ ಇರಬೇಕಾದ ತೂಕ. ದಪ್ಪಗಾದ ಮಾತ್ರಕ್ಕೆ ಶ್ವಾಸನಾಳ ಅಗಲವಾಗುವುದಿಲ್ಲವಲ್ಲ. ಸಾಮಾನ್ಯ ಗಾತ್ರದ ವಯಸ್ಕರಲ್ಲಿ ಇದು 150 ಮಿಲಿಲೀಟರ್ ಆಸುಪಾಸು, ಒಂದು ಲೋಟದಷ್ಟು.

ಉಸಿರು ಬಿಟ್ಟಾಗ ಕೊನೆಯಲ್ಲಿ ಈ ಕೊಳವೆಗಳಲ್ಲಿ ನಿಲ್ಲುವುದು ಬಳಸಿ ಮುಗಿದ ಗಾಳಿ. ಮತ್ತೆ ಉಸಿರೆಳೆದಾಗ ಗಾಳಿಚೀಲಕ್ಕೆ ಮೊದಲು ಹೋಗುವುದು ಅದೇ ಹಳೆಯ 150 ಮಿಲಿಲೀಟರ್. ತಾಜಾ ಗಾಳಿ ಅದರ ಹಿಂದೆ ಬರುತ್ತದೆ. ತಾಜಾ ಗಾಳಿಯ ಕೊನೆಯ 150 ಮಿಲಿಲೀಟರ್ ಕೊಳವೆಯಲ್ಲೇ ಉಳಿದು, ಬಂದ ದಾರಿಯಲ್ಲೇ ವಾಪಸಾಗುತ್ತದೆ.

ಮೂವರು, ಒಂದೇ 6 ಲೀಟರ್

ಈಗ ಸ್ವಲ್ಪ ಲೆಕ್ಕ ಹಾಕೋಣ. ಸುಮ್ಮನೆ ಕುಳಿತಿರುವ ಆರೋಗ್ಯವಂತರೊಬ್ಬರು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್‌ನಂತೆ ನಿಮಿಷಕ್ಕೆ 12 ಸಲ ಉಸಿರಾಡುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು 6 ಲೀಟರ್. ಪ್ರತಿ ಉಸಿರಿನಲ್ಲೂ 150 ಕಳೆದರೆ ಉಳಿಯುವುದು 350. ಅದನ್ನು 12ರಿಂದ ಗುಣಿಸಿದರೆ 4.2 ಲೀಟರ್. ಗಾಳಿಚೀಲಗಳಿಗೆ ನಿಜವಾಗಿ ತಲುಪಿದ ತಾಜಾ ಗಾಳಿ ಇಷ್ಟೇ. ವೈದ್ಯಕೀಯದಲ್ಲಿ ಇದನ್ನು ಆಲ್ವಿಯೋಲಾರ್ ವೆಂಟಿಲೇಶನ್ ಎನ್ನುತ್ತಾರೆ. ನಾವಿಲ್ಲಿ ‘ಫಲ ಕೊಡುವ ಗಾಳಿ’ ಎಂದು ಕರೆಯೋಣ.

ಎರಡನೆಯವರು ಮೇಲುಸಿರು ಬಿಡುತ್ತಿದ್ದಾರೆ. ಒಂದು ಉಸಿರಿಗೆ 250 ಮಿಲಿಲೀಟರ್, ನಿಮಿಷಕ್ಕೆ 24 ಸಲ. ಇಲ್ಲೂ ಒಟ್ಟು 6 ಲೀಟರೇ. ಆದರೆ ಪ್ರತಿ ಉಸಿರಿನಲ್ಲೂ ಅದೇ 150 ಕಳೆಯಬೇಕು. ಉಳಿಯುವುದು 100. ನಿಮಿಷಕ್ಕೆ 2.4 ಲೀಟರ್ ಮಾತ್ರ. ಎದೆಯ ಸ್ನಾಯುಗಳು ದುಪ್ಪಟ್ಟು ಸಲ ದುಡಿದಿವೆ, ಫಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ.

ಮೂರನೆಯದು ಪಠ್ಯಪುಸ್ತಕಗಳಲ್ಲಿ ಬರುವ ವಿಪರೀತದ ಉದಾಹರಣೆ. 150 ಮಿಲಿಲೀಟರ್‌ನಂತೆ 40 ಉಸಿರು. ಒಟ್ಟು ಮತ್ತೆ 6 ಲೀಟರ್. ಲೆಕ್ಕದ ಪ್ರಕಾರ ಫಲ ಕೊಡುವ ಗಾಳಿ ಸೊನ್ನೆ. ನಿಜದಲ್ಲಿ ಪೂರ್ತಿ ಸೊನ್ನೆ ಆಗುವುದಿಲ್ಲ. ಗಾಳಿ ಕೊಳವೆಯ ನಡುವೆ ವೇಗವಾಗಿಯೂ ಅಂಚಿನಲ್ಲಿ ನಿಧಾನವಾಗಿಯೂ ಹರಿಯುವುದರಿಂದ ಸ್ವಲ್ಪ ತಾಜಾ ಗಾಳಿ ಈಟಿಯಂತೆ ಒಳನುಗ್ಗುತ್ತದೆ. ಆದರೂ ಅದನ್ನು ನಂಬಿ ಬಹಳ ಹೊತ್ತು ಬದುಕಲಾಗದು.

ಮೊದಲ ಬಗೆಯ ಸಂದೇಶ ಎಡವುವುದು ಇಲ್ಲಿ. ಕೊಳವೆಯ ಗಾತ್ರ ನಿಗದಿಯಾದದ್ದು, ಪ್ರತಿ ಉಸಿರಿಗೂ ಅಷ್ಟು ‘ಸುಂಕ’ ಕಟ್ಟಲೇಬೇಕು. ಸಣ್ಣ ಸಣ್ಣ ಉಸಿರು ಹೆಚ್ಚಾದಷ್ಟೂ ಸುಂಕ ಕಟ್ಟುವುದೂ ಹೆಚ್ಚು. (ನಾಯಿ ಬಿಸಿಲಲ್ಲಿ ನಾಲಗೆ ಚಾಚಿ ಏದುಸಿರು ಬಿಡುವುದನ್ನು ನೋಡಿದ್ದೀರಲ್ಲ, ಅದು ಇದೇ ಲೆಕ್ಕವನ್ನು ತನಗೆ ಬೇಕಾದಂತೆ ಬಳಸಿಕೊಳ್ಳುವ ಉಪಾಯ. ಗಾಳಿಯನ್ನು ಬಹುಪಾಲು ಕೊಳವೆಯಲ್ಲೇ ಆಡಿಸಿ ತೇವ ಆರಿಸಿಕೊಂಡು ಮೈ ತಂಪು ಮಾಡಿಕೊಳ್ಳುತ್ತದೆ, ರಕ್ತದ ಅನಿಲಗಳ ಸಮತೋಲ ಹೆಚ್ಚು ಕೆಡದಂತೆ ನೋಡಿಕೊಳ್ಳುತ್ತದೆ.)

ಮಾಸ್ಕ್ ಹಾಕಿದರೆ ನಾವೇ ಬಿಟ್ಟ ವಿಷಗಾಳಿಯನ್ನು ಮತ್ತೆ ಕುಡಿಯುತ್ತೇವೆ ಎಂಬ ಕೋವಿಡ್ ಕಾಲದ ಸಂದೇಶಕ್ಕೂ ಇಲ್ಲೇ ಉತ್ತರವಿದೆ. ಮಾಸ್ಕಿನ ಒಳಗಿನ ಜಾಗ ಕೊಳವೆಯ ಉದ್ದಕ್ಕೆ ಸ್ವಲ್ಪ ಸೇರಿಕೊಳ್ಳುತ್ತದೆ ಎನ್ನುವುದು ನಿಜ. ಆದರೆ ಆರೋಗ್ಯವಂತರ ಮೆದುಳು ಪ್ರತಿ ಉಸಿರನ್ನು ತುಸು ಆಳವಾಗಿಸಿ ಆ ಕೊರತೆಯನ್ನು ನಮ್ಮ ಗಮನಕ್ಕೆ ಬಾರದಂತೆ ತುಂಬಿಕೊಡುತ್ತದೆ.

ಆಕ್ಸಿಮೀಟರ್ ಹೇಳದ ಮಾತು

ಫಲ ಕೊಡುವ ಗಾಳಿ ಕಡಿಮೆಯಾದರೆ ರಕ್ತದಲ್ಲಿ ಏನಾಗುತ್ತದೆ? ಇಂಗಾಲದ ಡೈಆಕ್ಸೈಡ್ ನಿಲ್ಲತೊಡಗುತ್ತದೆ. ಇದರ ಸಂಬಂಧ ಬಹಳ ನೇರವಾದದ್ದು: ಫಲ ಕೊಡುವ ಗಾಳಿ ಅರ್ಧವಾದರೆ ರಕ್ತದ ಇಂಗಾಲದ ಡೈಆಕ್ಸೈಡ್ ಎರಡರಷ್ಟಾಗುತ್ತದೆ. ನಮ್ಮ ಮೊದಲನೆಯವರಲ್ಲಿ ಅದರ ಒತ್ತಡ 40 ಮಿಲಿಮೀಟರ್ ಪಾದರಸ ಎಂದಿಟ್ಟುಕೊಂಡರೆ, 2.4 ಲೀಟರ್‌ಗೆ ಇಳಿದ ಎರಡನೆಯವರಲ್ಲಿ ಅದು ಸ್ವಲ್ಪ ಹೊತ್ತಿನಲ್ಲಿ 70ಕ್ಕೆ ಏರುತ್ತದೆ. ತಲೆನೋವು, ಮಂಕು, ತೂಕಡಿಕೆ ಶುರುವಾಗುವ ಮಟ್ಟ ಇದು.

ಆರೋಗ್ಯವಾಗಿರುವ ಮೆದುಳು ಇಷ್ಟು ಏರಲು ಬಿಡುವುದಿಲ್ಲ, ಉಸಿರನ್ನು ಆಳವಾಗಿಸುತ್ತದೆ. ಆದರೆ ಸ್ನಾಯು ದಣಿದಿದ್ದರೆ, ಪಕ್ಕೆಲುಬು ಮುರಿದು ನೋವಿನಿಂದ ಆಳವಾಗಿ ಎಳೆಯಲಾಗದಿದ್ದರೆ, ನಿದ್ದೆ ಬರಿಸುವ ಔಷಧ ಹೆಚ್ಚಾಗಿದ್ದರೆ ಈ ರಕ್ಷಣೆ ಸೋಲುತ್ತದೆ. ಬರೀ ಕೋಣೆಯ ಗಾಳಿ ಉಸಿರಾಡುತ್ತಿದ್ದರೆ ಆಕ್ಸಿಮೀಟರ್ ಕೂಡ 90ರ ಆಸುಪಾಸಿಗೆ ಇಳಿದು ಎಚ್ಚರಿಸುತ್ತದೆ. ಅದೇ ವ್ಯಕ್ತಿಗೆ ಮೂಗಿನ ಕೊಳವೆಯಲ್ಲಿ ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಕೊಡುತ್ತಿದ್ದರೆ? ಶ್ವಾಸಕೋಶದ ಉಳಿದ ಭಾಗ ಚೆನ್ನಾಗಿದ್ದರೆ ಯಂತ್ರ 97, 98 ತೋರಿಸುತ್ತಿರಬಹುದು. ಇಂಗಾಲದ ಡೈಆಕ್ಸೈಡ್ ಮಾತ್ರ 70ರಲ್ಲೇ ಇರುತ್ತದೆ. ಆಕ್ಸಿಮೀಟರ್ ಸುಳ್ಳು ಹೇಳುತ್ತಿಲ್ಲ, ಅದು ಅಳೆಯುವುದು ಆಮ್ಲಜನಕವನ್ನು ಮಾತ್ರ. ಹಾಗೆಂದು ಇದನ್ನು ಓದಿ ಯಾರೂ ಮನೆಯಲ್ಲಿ ಆಮ್ಲಜನಕ ನಿಲ್ಲಿಸಬಾರದು. ನೋಡಬೇಕಾದದ್ದು ಯಂತ್ರದ ಅಂಕಿಯ ಜೊತೆಗೆ ಉಸಿರಿನ ಆಳವನ್ನು, ಮನುಷ್ಯನ ಎಚ್ಚರವನ್ನು.

ಗಾಳಿ ಬಂತು, ರಕ್ತ ಬರಲಿಲ್ಲ

ಇಲ್ಲಿಯವರೆಗೆ ಹೇಳಿದ್ದು ಕೊಳವೆಯ ಕಥೆ. ಗಾಳಿಚೀಲಕ್ಕೆ ತಲುಪಿದ ಗಾಳಿಯೆಲ್ಲ ಉಪಯೋಗವಾಯಿತು ಎಂದು ಭಾವಿಸಿಕೊಂಡಿದ್ದೆವು. ಯಾವಾಗಲೂ ಹಾಗಾಗುವುದಿಲ್ಲ. ಗಾಳಿಚೀಲಕ್ಕೆ ತಾಜಾ ಗಾಳಿ ಬಂದರೂ ಅದರ ಪಕ್ಕದಲ್ಲಿ ರಕ್ತ ಹರಿಯದಿದ್ದರೆ ಆಮ್ಲಜನಕ ತೆಗೆದುಕೊಳ್ಳುವವರಿಲ್ಲ, ಇಂಗಾಲದ ಡೈಆಕ್ಸೈಡ್ ಕೊಡುವವರಿಲ್ಲ. ಸಂತೆಗೆ ಸರಕು ಬಂದಿದೆ, ಗಿರಾಕಿಗಳೇ ಇಲ್ಲ. ಇಂಥ ಗಾಳಿಚೀಲಗಳೂ ಕೊಳವೆಯಷ್ಟೇ ವ್ಯರ್ಥ. ಕೊಳವೆಯ ವ್ಯರ್ಥ ಜಾಗ, ರಕ್ತವಿಲ್ಲದ ಗಾಳಿಚೀಲಗಳ ವ್ಯರ್ಥ ಜಾಗ, ಎರಡನ್ನೂ ಕೂಡಿಸಿದರೆ ಬರುವುದು ಫಿಸಿಯಾಲಾಜಿಕಲ್ ಡೆಡ್ ಸ್ಪೇಸ್. ಅಂದರೆ ನಕ್ಷೆಯಲ್ಲಿ ಕಾಣುವ ವ್ಯರ್ಥವಲ್ಲ, ಕೆಲಸದ ಲೆಕ್ಕದಲ್ಲಿ ಕಾಣುವ ವ್ಯರ್ಥ.

ಆರೋಗ್ಯವಂತ ಯುವಕರಲ್ಲಿ ಎರಡೂ ಅಂಕಿಗಳು ಹೆಚ್ಚುಕಡಿಮೆ ಒಂದೇ. ಕಾಯಿಲೆಯಲ್ಲಿ ಅವು ದೂರ ಸರಿಯುತ್ತವೆ. ಬಹಳ ರಕ್ತಸ್ರಾವವಾಗಿ ಬಿಪಿ ಕುಸಿದಾಗ, ಬೀಡಿ-ಸಿಗರೇಟಿನಿಂದ ಗಾಳಿಚೀಲಗಳ ಗೋಡೆಯೇ ಹಾಳಾಗಿ ಹೋದಾಗ ಹೀಗಾಗುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಬಂದು ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದಾಗ. ವೈದ್ಯರು ಇದನ್ನು ಪಲ್ಮನರಿ ಎಂಬಾಲಿಸಂ ಎನ್ನುತ್ತಾರೆ.

ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳೋಣ. ಕಾಲಿನ ಮೂಳೆ ಮುರಿದು ಮೂರು ವಾರ ಹಾಸಿಗೆಯಲ್ಲೇ ಇದ್ದವರು. ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಉಸಿರು ಸಾಲುತ್ತಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಗಾಳಿ ಎರಡೂ ಕಡೆ ಚೆನ್ನಾಗಿ ಆಡುತ್ತಿದೆ. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುತ್ತಿಲ್ಲ. ಆಕ್ಸಿಮೀಟರ್ 95. ‘ಗಾಬರಿ ಇರಬೇಕು, ಸ್ವಲ್ಪ ಮಲಗಿಕೊಳ್ಳಿ’ ಎಂದು ಮನೆಯವರು ಹೇಳಿಬಿಡುವ ಎಲ್ಲ ಲಕ್ಷಣಗಳೂ ಇವೆ. ಆದರೆ ಅವರು ನಿಮಿಷಕ್ಕೆ 24 ಸಲ ಉಸಿರಾಡುತ್ತಿದ್ದಾರೆ, ಅದೂ ಮೇಲುಸಿರಲ್ಲ, ಪ್ರತಿಯೊಂದೂ 500 ಮಿಲಿಲೀಟರ್‌ನ ಪೂರ್ತಿ ಉಸಿರು.

ಒಟ್ಟು 12 ಲೀಟರ್. ಕೊಳವೆಯ 150 ಮಾತ್ರ ಕಳೆದರೆ ಫಲ ಕೊಡುವ ಗಾಳಿ 8.4 ಲೀಟರ್ ಇರಬೇಕು, ಅಂದರೆ ಮಾಮೂಲಿಯ ಎರಡರಷ್ಟು. ಹಾಗಿದ್ದರೆ ರಕ್ತದ ಇಂಗಾಲದ ಡೈಆಕ್ಸೈಡ್ 40ರಿಂದ 20ಕ್ಕೆ ಇಳಿದಿರಬೇಕಿತ್ತು. ಅಪಧಮನಿಯಿಂದ ರಕ್ತ ತೆಗೆದು ನೋಡಿದರೆ ಅದು 28 ಇದೆ. ನಡುವೆ ಎಲ್ಲೋ ಗಾಳಿ ಸೋರಿಹೋಗಿದೆ.

ಎಷ್ಟು ಸೋರಿದೆ ಎಂದು ಕಂಡುಹಿಡಿಯುವ ದಾರಿಯನ್ನು 1891ರಲ್ಲೇ ತೋರಿಸಿದವರು ಡೆನ್ಮಾರ್ಕಿನ ಕ್ರಿಸ್ಟಿಯನ್ ಬೋರ್. ಪರಮಾಣುವಿನ ರಚನೆಗೆ ಹೆಸರಾದ ನೀಲ್ಸ್ ಬೋರ್ ಅವರ ತಂದೆ ಇವರು. ಅವರ ಯೋಚನೆ ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿದಂತೆ. ರಕ್ತವನ್ನು ಮುಟ್ಟಿದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಅದು ಹಾಲು. ವ್ಯರ್ಥ ಜಾಗದಿಂದ ಬಂದ ಗಾಳಿಯಲ್ಲಿ ಅದು ಇರುವುದಿಲ್ಲ, ಅದು ನೀರು. ಬಿಟ್ಟ ಉಸಿರನ್ನೆಲ್ಲ ಒಂದು ಚೀಲದಲ್ಲಿ ಹಿಡಿದು ಎಷ್ಟು ತೆಳುವಾಗಿದೆ ಎಂದು ನೋಡಿದರೆ ಎಷ್ಟು ನೀರು ಬೆರೆತಿದೆ ಎಂದು ಗೊತ್ತಾಗುತ್ತದೆ. ಅಸಲು ಹಾಲು ಎಷ್ಟು ಗಟ್ಟಿ ಎನ್ನುವುದಕ್ಕೆ ಅಪಧಮನಿಯ ರಕ್ತದ ಅಂಕಿಯನ್ನೇ ಹಿಡಿಯಬಹುದು ಎಂದು 1938ರಲ್ಲಿ ಸ್ವೀಡನ್ನಿನ ಎಂಗ್ಹಾಫ್ ಈ ಸೂತ್ರವನ್ನು ಮಾರ್ಪಡಿಸಿದರು. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಆ ರೂಪವೇ.

ಸೂತ್ರ ಸರಳ. ರಕ್ತದ ಅಂಕಿಯಿಂದ ಚೀಲದ ಅಂಕಿಯನ್ನು ಕಳೆದು, ಬಂದದ್ದನ್ನು ರಕ್ತದ ಅಂಕಿಯಿಂದ ಭಾಗಿಸಬೇಕು. ಆರೋಗ್ಯವಂತರಲ್ಲಿ ರಕ್ತದಲ್ಲಿ 40, ಬಿಟ್ಟ ಉಸಿರಿನ ಚೀಲದಲ್ಲಿ 28. ವ್ಯತ್ಯಾಸ 12, ಅದನ್ನು 40ರಿಂದ ಭಾಗಿಸಿದರೆ 0.3. ಉಸಿರಿನ ನೂರಕ್ಕೆ ಮೂವತ್ತು ಭಾಗ ವ್ಯರ್ಥ, 500ರಲ್ಲಿ 150. ಕೊಳವೆಯ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ನಮ್ಮ ಮಹಿಳೆಯಲ್ಲಿ ರಕ್ತದಲ್ಲಿ 28, ಚೀಲದಲ್ಲಿ 14. ವ್ಯತ್ಯಾಸ 14, ಭಾಗಿಸಿದರೆ 0.5. ಅರ್ಧಕ್ಕರ್ಧ ವ್ಯರ್ಥ, 500ರಲ್ಲಿ 250. ಕೊಳವೆಯದು 150 ಎಂದರೆ ಉಳಿದ 100 ಮಿಲಿಲೀಟರ್ ಪ್ರತಿ ಉಸಿರಿನಲ್ಲೂ ರಕ್ತವಿಲ್ಲದ ಗಾಳಿಚೀಲಗಳಿಗೆ ಹೋಗಿ ಬರಿಗೈಲಿ ವಾಪಸಾಗುತ್ತಿದೆ. 12 ಲೀಟರ್‌ನಲ್ಲಿ ಫಲ ಕೊಟ್ಟದ್ದು 6 ಲೀಟರ್ ಮಾತ್ರ.

ಇವರು ಮೊದಲಿನಂತೆ 12 ಸಲ ಉಸಿರಾಡಿದ್ದರೆ ಫಲ ಕೊಡುವ ಗಾಳಿ 3 ಲೀಟರ್‌ಗೆ ಇಳಿದು ಇಂಗಾಲದ ಡೈಆಕ್ಸೈಡ್ 56ಕ್ಕೆ ಏರಬೇಕಿತ್ತು. ಅದಾಗದಂತೆ ತಡೆಯಲು ಮೆದುಳಿಗೆ 17 ಉಸಿರು ಸಾಕಿತ್ತು. ನೋವು, ಭಯ, ಶ್ವಾಸಕೋಶದಿಂದ ಬರುವ ಸಂಕೇತಗಳು ಸೇರಿ ಅದನ್ನು 24ಕ್ಕೆ ಒಯ್ದಿವೆ. ಹಾಗಾಗಿ ರಕ್ತದ ಇಂಗಾಲದ ಡೈಆಕ್ಸೈಡ್ ಏರುವ ಬದಲು ಇಳಿದಿದೆ. ಆ ಇಳಿದ ಅಂಕಿಯನ್ನಷ್ಟೇ ನೋಡಿದರೆ ‘ಗಾಬರಿಯಿಂದ ಜೋರಾಗಿ ಉಸಿರಾಡುತ್ತಿದ್ದಾರೆ’ ಎಂದೇ ಅನ್ನಿಸುತ್ತದೆ. ಉಸಿರಾಟ ಎರಡರಷ್ಟಾದರೂ ಅಂಕಿ ಯಾಕೆ ಅರ್ಧಕ್ಕೆ ಇಳಿಯಲಿಲ್ಲ ಎಂದು ಕೇಳಿದಾಗ ಮಾತ್ರ ಸೋರಿಕೆ ಕಾಣುತ್ತದೆ.

ಆಳವಾಗಿ ಉಸಿರಾಡಿದರೆ ಸರಿಹೋಗುತ್ತದೆಯೇ?

ಎರಡು ಬಗೆಗಳ ನಿಜವಾದ ವ್ಯತ್ಯಾಸ ಇಲ್ಲಿದೆ. ಮೊದಲ ಬಗೆಯಲ್ಲಿ ಸುಂಕ ನಿಗದಿತ, 150 ಎಂದರೆ 150. 250ರ ಉಸಿರನ್ನು 500ಕ್ಕೆ ಏರಿಸಿದರೆ ಹೆಚ್ಚಾದ 250 ಪೂರ್ತಿಯಾಗಿ ಕೈಗೆ ಸಿಗುತ್ತದೆ. ಹೊಟ್ಟೆಯ ಆಪರೇಷನ್ ಆದವರಿಗೆ ನೋವು ಕಡಿಮೆ ಮಾಡಿ, ದಿಂಬು ಅಪ್ಪಿಕೊಂಡು ಆಳವಾಗಿ ಉಸಿರೆಳೆಯಿರಿ ಎಂದು ನರ್ಸ್‌ಗಳು ಹೇಳುವುದರಲ್ಲಿ ಈ ಲೆಕ್ಕವೂ ಅಡಗಿದೆ.

ಎರಡನೆಯ ಬಗೆಯಲ್ಲಿ ಸುಂಕ ಶೇಕಡಾವಾರು. ನಮ್ಮ ಮಹಿಳೆಯ ಗಾಳಿಚೀಲಗಳಿಗೆ ತಲುಪಿದ 350ರಲ್ಲಿ 100 ವ್ಯರ್ಥ. ಅವರು ಕಷ್ಟಪಟ್ಟು 1,000 ಮಿಲಿಲೀಟರ್ ಎಳೆದರೆ ಗಾಳಿಚೀಲಕ್ಕೆ 850 ಬರುತ್ತದೆ, ಅದೇ ಪ್ರಮಾಣದಲ್ಲಿ ಹೋದರೆ ಸುಮಾರು 240 ವ್ಯರ್ಥ. ಹೆಚ್ಚು ಎಳೆದಷ್ಟೂ ರಕ್ತವಿಲ್ಲದ ಕಡೆಗೂ ಹೆಚ್ಚು ಹೋಗುತ್ತದೆ. ಸ್ವಲ್ಪ ಲಾಭವೇನೋ ಇದೆ, ಆದರೆ ತೊಂದರೆ ಇರುವುದು ಗಾಳಿಯಲ್ಲಲ್ಲ, ಮುಚ್ಚಿಹೋದ ರಕ್ತನಾಳದಲ್ಲಿ. ಪ್ರಾಣಾಯಾಮ, ಕರ್ಪೂರ, ಓಮಿನ ಹಬೆ ಯಾವುದೂ ಆ ಹೆಪ್ಪನ್ನು ಕರಗಿಸುವುದಿಲ್ಲ. ಅದಕ್ಕೆ ಬೇಕಾದದ್ದು ಹೆಪ್ಪು ಬೆಳೆಯದಂತೆ ತಡೆಯುವ ಔಷಧ, ತೀವ್ರವಾಗಿದ್ದರೆ ಕರಗಿಸುವ ಔಷಧ. ರೋಗವನ್ನು ಖಚಿತಪಡಿಸುವುದು ಸಾಮಾನ್ಯವಾಗಿ ಸಿ.ಟಿ. ಆಂಜಿಯೋಗ್ರಾಂ. ಡೆಡ್ ಸ್ಪೇಸ್ ಲೆಕ್ಕ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಹೆಪ್ಪು ಸಣ್ಣದಿದ್ದರೆ ಈ ಅಂಕಿಗಳು ಮಾಮೂಲಿಯಾಗಿಯೂ ಇರಬಹುದು.

ಐಸಿಯುಗಳಲ್ಲಿ ವೆಂಟಿಲೇಟರ್‌ಗೆ ಜೋಡಿಸಿದ ಕ್ಯಾಪ್ನೋಗ್ರಾಫ್ ಎಂಬ ಯಂತ್ರ ಪ್ರತಿ ಉಸಿರಿನ ಕೊನೆಯ ಇಂಗಾಲದ ಡೈಆಕ್ಸೈಡ್ ಅಳೆಯುತ್ತದೆ. ರಕ್ತದ ಅಂಕಿಗೂ ಇದಕ್ಕೂ ಮಾಮೂಲಿಯಾಗಿ ಇರುವ ಅಂತರ 2ರಿಂದ 5. ಅದು ಇದ್ದಕ್ಕಿದ್ದಂತೆ ಅಗಲವಾದರೆ ವೈದ್ಯರು ಮೊದಲು ಕೇಳಿಕೊಳ್ಳುವುದು ‘ರಕ್ತ ಎಲ್ಲಿ ನಿಂತಿತು’ ಎಂದು. ತೀವ್ರ ಶ್ವಾಸಕೋಶ ವೈಫಲ್ಯದ 179 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಈ ವ್ಯರ್ಥ ಪ್ರಮಾಣದ ಸರಾಸರಿ 0.58 ಇತ್ತು. ಪ್ರಮಾಣ ಹೆಚ್ಚಾದಷ್ಟೂ ಸಾವಿನ ಸಂಭವವೂ ಹೆಚ್ಚಿತ್ತು.

ಮನೆಯಲ್ಲಿ ಎಣಿಸುವುದು ಹೇಗೆ

ಮನೆಯಲ್ಲಿ ಡೆಡ್ ಸ್ಪೇಸ್ ಅಳೆಯಲಾಗದು. ಉಸಿರು ಎಣಿಸಬಹುದು. ಎಣಿಸುತ್ತಿದ್ದೇವೆ ಎಂದು ಗೊತ್ತಾದರೆ ಯಾರೇ ಆದರೂ ಉಸಿರು ಬದಲಿಸಿಬಿಡುತ್ತಾರೆ, ಆದ್ದರಿಂದ ನಾಡಿ ಹಿಡಿದಂತೆ ಮಣಿಕಟ್ಟು ಹಿಡಿದು ಎದೆ ಅಥವಾ ಹೊದಿಕೆ ಏಳುವುದನ್ನು ನೋಡಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಒಂದು ಉಸಿರು ತಪ್ಪಿದರೂ ನಾಲ್ಕು ತಪ್ಪುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಬ್ರಿಟನ್ನಿನ ಆಸ್ಪತ್ರೆಗಳು ಬಳಸುವ ಎಚ್ಚರಿಕೆಯ ಅಂಕಪಟ್ಟಿಯಲ್ಲಿ ವಿಶ್ರಾಂತಿಯಲ್ಲಿರುವ ವಯಸ್ಕರಿಗೆ 12ರಿಂದ 20 ಮಾಮೂಲಿ, 21ರಿಂದ 24 ಎಚ್ಚರಿಕೆ, 25 ಮತ್ತು ಮೇಲೆ ಇದ್ದರೆ ಅತಿ ಹೆಚ್ಚು ಅಂಕ. ಮಕ್ಕಳ ಲೆಕ್ಕ ಬೇರೆ. ಹಾಸಿಗೆ ಹಿಡಿದಿದ್ದವರಿಗೆ, ಇತ್ತೀಚೆಗೆ ಆಪರೇಷನ್ ಅಥವಾ ಹೆರಿಗೆ ಆದವರಿಗೆ ಏಕಾಏಕಿ ಉಸಿರು ಹೆಚ್ಚಿದರೆ, ಜೊತೆಗೆ ಎದೆನೋವು, ಒಂದೇ ಕಾಲಿನಲ್ಲಿ ಊತ ಅಥವಾ ತಲೆಸುತ್ತು ಇದ್ದರೆ, ಆಕ್ಸಿಮೀಟರ್ 95 ತೋರಿಸುತ್ತಿದ್ದರೂ 108ಕ್ಕೆ ಕರೆ ಮಾಡಿ.

ಇನ್ನೊಂದು ಸಂದರ್ಭವಿದೆ, ಮನೆಯವರು ಹೆಚ್ಚು ಮೋಸಹೋಗುವುದು ಅಲ್ಲಿ. ಬೆಳಿಗ್ಗೆಯಿಂದ ನಿಮಿಷಕ್ಕೆ 36 ಸಲ ಏದುಸಿರು ಬಿಡುತ್ತಿದ್ದವರು ಸಂಜೆಗೆ 14ಕ್ಕೆ ಇಳಿದು ಸುಮ್ಮನೆ ಮಲಗಿದ್ದಾರೆ. ಎಬ್ಬಿಸಿದರೆ ಚೆನ್ನಾಗಿ ಮಾತಾಡಿ, ಉಸಿರೂ ಆಳವಾಗಿದ್ದರೆ ಸುಧಾರಣೆ. ಕೂಗಿದರೂ ಸರಿಯಾಗಿ ಕಣ್ಣು ಬಿಡದೆ, ಎದೆ ಅಲ್ಲಾಡುವುದೇ ಕಾಣದಷ್ಟು ಸಣ್ಣ ಉಸಿರಾಗಿದ್ದರೆ ಅದು ನಿದ್ದೆಯಲ್ಲ. ಸ್ನಾಯುಗಳು ಸೋತಿವೆ, ಬಹುಪಾಲು ಗಾಳಿ ಕೊಳವೆಯಲ್ಲೇ ಆಡುತ್ತಿದೆ, ಇಂಗಾಲದ ಡೈಆಕ್ಸೈಡ್ ಏರಿ ಮಂಕು ಕವಿಯುತ್ತಿದೆ. ಬೆಳಗಾಗುವವರೆಗೆ ಕಾಯದೆ ಆಗಲೇ ಹೊರಡಬೇಕು.